ಎರಡು ಪುಟದ ಪತ್ರದಲ್ಲಿ ಇಲ್ಲದ ತಾರೀಖು

ನನ್ನ ತಂಗಿ ಸಿ.ಎ. ಅಂತಿಮ ಪರೀಕ್ಷೆ ಪಾಸಾದಾಗ ಅವಳ ಮೂರು ವರ್ಷದ ಆರ್ಟಿಕಲ್‌ಶಿಪ್ ತರಬೇತಿ ಇನ್ನೂ ಮುಗಿದಿರಲಿಲ್ಲ. ಹಳೆಯ ನಿಯಮದಲ್ಲಿ ತರಬೇತಿಯ ಕೊನೆಯ ಆರು ತಿಂಗಳಲ್ಲೇ ಪರೀಕ್ಷೆಗೆ ಕೂರಬಹುದಿತ್ತು. ಶಹಾಪುರದಿಂದ ದಿನಾ ಬಸ್ಸಿನಲ್ಲಿ ಯಾದಗಿರಿಗೆ ಹೋಗಿ, ಸ್ಟೇಷನ್ ರಸ್ತೆಯ ಆಡಿಟರ್ ಸಾಹೇಬರ ಆಫೀಸಿನಲ್ಲಿ ತರಬೇತಿ ಪಡೆಯುತ್ತಿದ್ದಳು. ನಾನು ಯಾದಗಿರಿಯಲ್ಲೇ ಪತ್ರಿಕೆಯೊಂದರ ವರದಿಗಾರ.

ಫಲಿತಾಂಶ ಬಂದ ವಾರದಲ್ಲೇ ಹೈದರಾಬಾದಿನ ಕಂಪನಿಯೊಂದಕ್ಕೆ ಜನರನ್ನು ಹುಡುಕಿಕೊಡುವ ನೇಮಕಾತಿ ಅಧಿಕಾರಿ ಫೋನಿನಲ್ಲಿ ಸಂದರ್ಶನ ಮಾಡಿದರು. ಮೆಚ್ಚಿಕೊಂಡು ಒಂದು ಸಾಲಿನ ಇ-ಮೇಲ್ ಕಳಿಸಿದರು: ಆರ್ಟಿಕಲ್‌ಶಿಪ್ ಮುಗಿದು ಕೆಲಸಕ್ಕೆ ಸೇರುವುದು ಯಾವ ತಾರೀಖಿಗೆ?

ಉತ್ತರಕ್ಕೆ ಒಂದು ತಾರೀಖು ಸಾಕಿತ್ತು. ತಂಗಿ ಸಾಹೇಬರನ್ನು ಕೇಳಿದಳು, ಅವರು ಎರಡು ಪುಟ ಬರೆಸಿದರು.

ಆ ಆಫೀಸಿನ ಕಸುಬನ್ನು ನಾನು ಹೊರಗಿನಿಂದ ಬಹಳ ದಿನ ನೋಡಿದ್ದೆ. ತೆರಿಗೆ ಇಲಾಖೆಯಿಂದ ನೋಟಿಸು ಬಂದರೆ ಒಳಬಂದ ಕಾಗದದ ರಿಜಿಸ್ಟರಿಗೆ ಏರಿಸಿ ಠಸ್ಸೆ ಹೊಡೆಯುವುದು. ಆಮೇಲೆ ಸಮಯ ಕೇಳುವುದು. ಆ ಸಮಯ ಮುಗಿದರೆ ಮತ್ತೆ ಸಮಯ ಕೇಳುವುದು. ಸಾಹೇಬರು ಇದನ್ನು ವಿದ್ಯೆ ಎಂದು ತಿಳಿದಿದ್ದರು.

ಮಾರನೇ ದಿನ ಸುದ್ದಿಯೊಂದಕ್ಕೆ ಅಲ್ಲಿಗೆ ಹೋದಾಗ ಅವರು ತಂಗಿಗೆ ಹೇಳಿ ಬರೆಸುತ್ತಿದ್ದರು.

"ಸರ್, ತಾರೀಖ ಬರಿಲೇನ್ರಿ?" ಎಂದಳು.

"ಹುಚ್ಚಿ ಇದ್ದಿ ಏನವಾ? ಬರದ ಕೊಟ್ರ ಕೈ ಕಟ್ಟಿ ಹಾಕ್ದಂಗ. ಇಲಾಖಿಗೆ ಎಂದರ ತಾರೀಖ ಕೊಟ್ಟೇವೇನು?"

"ಅವ್ರು ಇಲಾಖಿ ಅಲ್ರಿ ಸರ್. ನೌಕ್ರಿ ಕೊಡೋರು."

"ಕಾಗದ ಕಳ್ಸಿ ಕೇಳೋರೆಲ್ಲಾ ಇಲಾಖಿನ. ಬರಿ: ತಮ್ಮ ಪತ್ರ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ, ದಯವಿಟ್ಟು ಕಾಲಾವಕಾಶ ನೀಡಬೇಕು."

ಸಂಜೆ ತಂಗಿ ನನಗೆ ಓದಿ ತೋರಿಸಿದಳು. ನಾಲ್ಕು ಅಡಕಗಳ ಪಟ್ಟಿಯೂ ಇತ್ತು. ಅವಳಿಗೂ ಆ ಪತ್ರದ ಮೇಲೆ ಸ್ವಲ್ಪ ಹೆಮ್ಮೆ ಇದ್ದಂತೆ ಕಂಡಿತು.

"ತಾರೀಖ ಎಲ್ಲೈತಿ?" ಎಂದೆ.

"ಎರಡನೇ ಪುಟದಾಗ ಇರ್ಬೇಕಣ್ಣ."

ಇರಲಿಲ್ಲ. ನಾವು ಹುಡುಕುವ ಹೊತ್ತಿಗೆ ಪತ್ರ ಆಗಲೇ ಹೋಗಿಬಿಟ್ಟಿತ್ತು.

ಮರುದಿನ ಮಧ್ಯಾಹ್ನ ಉತ್ತರ ಬಂತು. ನೀವು ಸದ್ಯ ಲಭ್ಯರಿಲ್ಲ ಎಂದು ತಿಳಿಯುತ್ತೇವೆ. ಸಂಜೆ ಐದರೊಳಗೆ ತಾರೀಖು ತಿಳಿಸದಿದ್ದರೆ ಮುಂದಿನ ಅಭ್ಯರ್ಥಿಯನ್ನು ಕರೆಯುತ್ತೇವೆ.

ತಂಗಿ ಮುಖ ತೊಳೆದುಕೊಂಡು ಸಾಹೇಬರ ಎದುರು ಹೋಗಿ ನಿಂತಳು. ಅವಳ ಫೋನಿಗೆ ಓಡಿಬಂದ ನಾನು ಬಾಗಿಲ ಬಳಿಯ ಬೆಂಚಿನ ಮೇಲಿದ್ದೆ. ಸಾಹೇಬರ ನಿಜವಾದ ಲೆಕ್ಕಾಚಾರ ಆಗ ಹೊರಬಿತ್ತು.

"ನಿಂದು ರಜಾ ಬಾಳ ಆಗ್ಯಾವ. ಹೆಚ್ಚಿನ ದಿನ ಇಲ್ಲೇ ತುಂಬಿಕೊಡಬೇಕು. ಸೆಪ್ಟೆಂಬರ್ ಮುಗಿಯಾ ತನಕ ಹೆಂಗೂ ಹೋಗಾಕ ಬರಲ್ಲ."

ಸೆಪ್ಟೆಂಬರ್ ಎಂದರೆ ತೆರಿಗೆ ಆಡಿಟ್ಟಿನ ಗಡಿಬಿಡಿ. ಪಾಸಾದ ಹುಡುಗಿಯನ್ನು ಆ ತಿಂಗಳು ಅಗ್ಗದಲ್ಲಿ ದುಡಿಸಿಕೊಳ್ಳುವ ಆಸೆಗೆ ಅವರು ಇಟ್ಟ ಹೆಸರು ಪರಿಶೀಲನೆ.

ನಿಯಮದ ಬಗ್ಗೆ ಅವರು ಹೇಳಿದ್ದು ಅರ್ಧ ನಿಜ. ಮಿತಿ ಮೀರಿದ ರಜೆಯಷ್ಟು ದಿನ ಹೆಚ್ಚು ಕೆಲಸ ಮಾಡಲೇಬೇಕು. ಎಷ್ಟು ದಿನ ಎಂಬುದು ಹಾಜರಿ ಪುಸ್ತಕದಲ್ಲಿತ್ತು. ತಂಗಿ ಅದನ್ನು ಎಳೆದುಕೊಂಡು ಅಲ್ಲೇ ಕುಳಿತು ಮೂರು ವರ್ಷದ ಪುಟ ತಿರುವಿದಳು.

"ಆರ್ ದಿನ ಹೆಚ್ಚಾಗ್ಯಾವ್ರಿ ಸರ್. ಕರಾರು ಆಗಸ್ಟ್ ಹದಿನೆಂಟಕ್ಕ ಮುಗಿತೈತಿ. ಇಪ್ಪತ್ನಾಕರ ತನಕ ಬರ್ತೀನಿ. ಎಲ್ಲಾ ಪುಟಕ್ಕೂ ನಿಮ್ಮ ಸಹಿನೇ ಐತಿ."

ಸಾಹೇಬರು ಕನ್ನಡಕ ಹಾಕಿಕೊಂಡು ತಮ್ಮ ಸಹಿಗಳನ್ನು ಒಂದೊಂದಾಗಿ ನೋಡಿದರು, ಬೇರೆ ಯಾರದೋ ಎಂದು ತೋರುತ್ತದೇನೋ ಎಂಬ ಆಸೆಯಿಂದ. ತೋರಲಿಲ್ಲ.

"ಬಾಳ ಶಾಣ್ಯಾಕಿ ಆಗೀದಿ," ಎಂದರು.

"ನಿಮ್ಮಲ್ಲೇ ಕಲ್ತೀನ್ರಿ."

ನಾಲ್ಕೂವರೆಗೆ ಅವಳು ಎರಡು ಸಾಲು ಬರೆದಳು: ಆರ್ಟಿಕಲ್‌ಶಿಪ್ ಆಗಸ್ಟ್ ಇಪ್ಪತ್ನಾಲ್ಕಕ್ಕೆ ಮುಗಿಯುತ್ತದೆ, ಸೆಪ್ಟೆಂಬರ್ ಒಂದಕ್ಕೆ ಸೇರುತ್ತೇನೆ. ತರಬೇತಿ ಮುಗಿಸಿದ ಪ್ರಮಾಣಪತ್ರ ಸಹಿಯಾದ ಕೂಡಲೇ ಕಳಿಸುತ್ತೇನೆ, ಸಿ.ಎ. ಸಂಸ್ಥೆಯ ಸದಸ್ಯತ್ವಕ್ಕೆ ಆಮೇಲೆ ಅರ್ಜಿ ಹಾಕುತ್ತೇನೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಸರಿ, ಮೊದಲೇ ಹೀಗೆ ಬರೆಯಬಹುದಿತ್ತು.

ಇಪ್ಪತ್ನಾಲ್ಕರಂದು ಸಾಹೇಬರು ಪ್ರಮಾಣಪತ್ರವನ್ನು ಮೇಜಿನ ಒಂದು ಬದಿಗೆ ಸರಿಸಿ "ನೋಡೋಣ" ಎಂದರು. ತಂಗಿ ಸಹಿ ಕೋರಿ ಒಂದು ಪತ್ರ ಬರೆದು, ಆಫೀಸಿನ ಠಸ್ಸೆಯನ್ನು ತಾನೇ ಹೊಡೆದು, ರಿಜಿಸ್ಟರಿಗೆ ಏರಿಸಿ ಎದುರಿಗಿಟ್ಟಳು. ಠಸ್ಸೆ ಬಿದ್ದ ಕಾಗದಕ್ಕೆ ಏನಾದರೂ ಉತ್ತರ ಹೋಗುವ ತನಕ ಆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ. ಸಹಿ ಹಾಕಿದರು.

ತಂಗಿ ಈಗ ಹೈದರಾಬಾದಿನಲ್ಲಿದ್ದಾಳೆ. ಸಾಹೇಬರು ಹೊಸದಾಗಿ ಸೇರಿದವರಿಗೆ ಆ ಎರಡು ಪುಟದ ಪತ್ರದ ಪ್ರತಿಯನ್ನು ಮಾದರಿ ಎಂದು ಕೊಡುತ್ತಾರೆ. ಹೋದ ವಾರ ನನ್ನೆದುರೇ ಒಬ್ಬಳಿಗೆ ಕೊಟ್ಟು, "ಇದೊಂದ ಕಾಗದಕ್ಕ ನೌಕ್ರಿ ಸಿಕ್ತು ನೋಡವಾ, ಹೈದರಾಬಾದದಾಗ" ಎಂದರು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದರು, ಸಾಕ್ಷಿ ಹೇಳು ಎಂಬಂತೆ.