ಅಂಚಿನ ಲಾಳಿಗೆ ಕೂತ ಜಂಪಣ್ಣ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಪೆದ್ದಣ್ಣನ ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ಬಳ್ಳಾರಿ ಕಡೆ ಹತ್ತಿ ಗಿರಣಿಗಳಿಗೆ ಉಗಿಯಂತ್ರ ಬಂದಿದ್ದ ಕಾಲ ಅದು. ಅವನ ಮಗ್ಗದ ಪಕ್ಕ ಕೂತು ಅಂಚಿನ ಲಾಳಿ ಎಸೆಯುತ್ತಿದ್ದ ಕೂಲಿಯಾಳು ಮಾರಣ್ಣ ಅಲ್ಲಿಗೇ ಓಡಿಹೋಗಿದ್ದ. ಬೇರೆ ಬಣ್ಣದ ಅಂಚಿನ ಸೀರೆ ಒಬ್ಬನ ಕೈಯಿಂದ ಆಗದು. ಹಾಗಾಗಿ ಮಗ್ಗ ಸುಮ್ಮನೆ ನಿಂತಿತ್ತು. ಅತ್ತ ಮಗ ಜಂಪಣ್ಣನಿಗೆ ಹದಿಮೂರು. ಬರುವ ವರ್ಷ ಚಳ್ಳಕೆರೆಯಲ್ಲಿ ಉಳಿದು ಓದುವ ಆಸೆ. ಅದಕ್ಕೆ ಕಾಸಿಲ್ಲ.

ಗಿರಣಿಗೆ ಆಳು ಹಿಡಿಯುವ ಮೇಸ್ತ್ರಿ ಅದೇ ಹೊತ್ತಿಗೆ ಬಂದ. “ಹುಡುಗನ್ನ ಕಳಿಸಪ್ಪ. ವಯಸ್ಸು ಕೇಳಿದ್ರೆ ಹದಿನೈದು ಅಂತ ಹೇಳ್ಲಿ.”

ಪೆದ್ದಣ್ಣ ಹೂಂ ಅನ್ನುವುದರಲ್ಲಿದ್ದ. ಹೆಂಡತಿ ಗೋವಿಂದಮ್ಮ ಬಿಡಲಿಲ್ಲ. “ಮೇಷ್ಟ್ರನ್ನ ಒಂದು ಮಾತು ಕೇಳ್ಕೊಂಡು ಬಾ.”

ಕೊಟ್ಟೂರಪ್ಪ ಮೇಷ್ಟ್ರು ಕೇಳಿದವರೇ ಕೆಂಡವಾದರು. “ಗಿರಣಿಗೆ ಸರ್ಕಾರದ ಕಾಯ್ದೆ ಐತೆ ಕಣಯ್ಯ. ಹದಿನಾಲ್ಕು ತುಂಬದ ಹುಡುಗನಿಗೆ ಡಾಕ್ಟರ ಸರ್ಟಿಫಿಕೇಟು ಬೇಕು. ದಿನವಿಡೀ ದುಡಿಸಂಗೂ ಇಲ್ಲ. ಸುಳ್ಳು ವಯಸ್ಸು ಹೇಳಿಸಿ ತಗಲಾಕ್ಕೊಂತೀಯಾ?”

“ಮತ್ತೆ ಮನೆ ಮಗ್ಗಕ್ಕೆ, ಸ್ವಾಮಿ?”

“ಯಂತ್ರವಿಲ್ಲದ ಮನೆ ಮಗ್ಗಕ್ಕೆ ಆ ಕಾಯ್ದೆ ತಾಗಲ್ಲ. ನಿನ್ನ ಕಣ್ಣೆದುರಿಗೇ ದುಡೀಲಿ. ಆದ್ರೆ ಇಸ್ಕೂಲಿನ ಗಂಟೆ ಹೊಡೆದ ಮೇಲೆ ಅವನು ನನ್ನ ಹುಡುಗ, ತಿಳೀತಾ?”

ಪೆದ್ದಣ್ಣ ಹಾಗೇ ಆಗಲೆಂದು ಮಾತು ಕೊಟ್ಟು ಬಂದು, ಮೇಸ್ತ್ರಿಯನ್ನು ಬೀದಿ ಕೊನೆಯವರೆಗೂ ಬೈದು ಅಟ್ಟಿದ. ಮರುದಿನದಿಂದ ಜಂಪಣ್ಣ ಬೆಳಿಗ್ಗೆ, ಸಂಜೆ ಮಗ್ಗದ ಪಕ್ಕ ಕೂತ. ಮೊದಮೊದಲು ಅಂಚಿನ ಎಳೆ ಸಡಿಲವಾಗುತ್ತಿತ್ತು. “ಲೇ, ಲಾಳಿ ಎಸೀತಿಯೋ, ಕಾಗೆಗೆ ಕಲ್ಲು ಹೊಡೀತಿಯೋ?” ಎಂದು ಅಪ್ಪ ಗುಡುಗುತ್ತಿದ್ದ. ಬರಬರುತ್ತಾ ಅಂಚೂ ಒಡಲೂ ಗಂಟಿಕ್ಕಿದಂತೆ ಕೂಡಿಕೊಂಡವು.

ಒಂದು ಬೆಳಿಗ್ಗೆ, ಸೀರೆ ವ್ಯಾಪಾರದ ಸಾವ್ಕಾರ ಹೇಳಿ ನೇಯಿಸುತ್ತಿದ್ದ ಮದುವೆ ಸೀರೆ ಸೆರಗಿನ ಹತ್ತಿರ ಬಂದಿದ್ದಾಗಲೇ ಇಸ್ಕೂಲಿನ ಗಂಟೆ ಹೊಡೆಯಿತು. ಹುಡುಗ ಎದ್ದ.

“ಕೂತ್ಕೊಳೋ! ಸಾವ್ಕಾರ ಮಧ್ಯಾಹ್ನಕ್ಕೇ ಬರ್ತಾನೆ.”

“ಸಂಜೆ ಬರ್ತೀನಿ, ನಾಯನಾ. ಮೇಷ್ಟ್ರಿಗೆ ನೀನೇ ಮಾತು ಕೊಟ್ಟಿದ್ದು.”

ಪೆದ್ದಣ್ಣನ ಕೈ ಮೇಲೆದ್ದಿತು. ಗೋವಿಂದಮ್ಮ ನಡುವೆ ಬಂದು ನಿಂತಳು. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಅವನು ಅದರಿಂದಲೇ ಬಾಗಿಲ ಕಡೆ ತೋರಿಸಿದ. “ಹೋಗು, ಹೋಗು. ತಡ ಆಗ್ತೈತೆ.”

ಸಾವ್ಕಾರ ಬಂದಾಗ ಸೀರೆ ಮಗ್ಗದ ಮೇಲೇ ಇತ್ತು. ಅವನು ಬೈಯಲು ಬಾಯಿ ತೆರೆದವನು ಅಂಚನ್ನು ಬೆರಳಲ್ಲಿ ಸವರಿ ತಡೆದುಕೊಂಡ. “ಪಕ್ಕಕ್ಕೆ ಕೂಡೋ ಆಳು ಯಾರೋ? ಎಲ್ಲಿ ಅವನು?”

“ಆಳಲ್ಲ, ನನ್ನ ಮಗ. ಇಸ್ಕೂಲಲ್ಲವ್ನೆ. ಸೀರೆ ಬೇಕಾದ್ರೆ ನಾಳೆ ಬಾ,” ಎಂದ ಪೆದ್ದಣ್ಣ, ಓಣಿಗೆಲ್ಲ ಕೇಳುವಂತೆ.

ಸಾವ್ಕಾರ ಮರುದಿನ ಬಂದು ಸೀರೆ ಒಯ್ದ. ಮಾರಣ್ಣನಿಗೆ ಸಲ್ಲುತ್ತಿದ್ದ ಕೂಲಿಯನ್ನು ಪೆದ್ದಣ್ಣ ಒಂದು ಕಾಸೂ ಮುರಿಯದೆ ಮಗನ ಅಂಗೈಗೆ ಹಾಕಿದ.

“ಮನೆ ಕೆಲಸಕ್ಕೆ ಯಾಕೆ ನಾಯನಾ ಕೂಲಿ?”

“ದುಡಿದಿದ್ದೀಯ, ಇಟ್ಕೊಳೋ. ಚಳ್ಳಕೆರೆಗೆ ನಿನ್ನ ಕಾಸಲ್ಲೇ ಹೋಗು.”