ಅವಿರೋಧ ಊರಿನ ಅಂಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪಂಚಾಯ್ತಿಗಳಲ್ಲಿ ಪ್ರಜಾಪ್ರಭುತ್ವ ಎಷ್ಟಿದೆ ಎಂದು ಅಳೆಯುವ ಸೂಚ್ಯಂಕವೊಂದನ್ನು ನಾನೂ ನನ್ನ ಸಂಶೋಧನಾ ವಿದ್ಯಾರ್ಥಿನಿಯೂ ಕಟ್ಟಿದ್ದೆವು. ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಪಟ್ಟಿ ಎಲ್ಲಾ ಪಂಚಾಯ್ತಿಗಳಿಗೂ ಹೋಗುವ ಹಿಂದಿನ ದಿನ, ಮೊದಲ ಸ್ಥಾನಕ್ಕೆ ಬಂದು ಕೂತ ಊರಿನ ಹೆಸರನ್ನು ಎರಡು ಸಲ ಓದಿದೆ.

"ಸರ್, ಇದು ಆ ಅಕ್ಕನ ಊರ್ರಿ!" ಎಂದಳು ಹುಡುಗಿ.

ಸಿಂದಗಿ ಕಡೆಯ ಊರದು. ಮಾಹಿತಿ ಕೇಳಲು ಹೋದಾಗ ಆ ಅಕ್ಕ ನಮಗೆ ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ, ಊರವರು ತನ್ನ ನಾಮಪತ್ರ ಹಿಂತೆಗೆಸಿದ್ದನ್ನು ಹೇಳಿದ್ದಳು. ಹಿರಿಯರು ಕಟ್ಟೆಯ ಮೇಲೆ ಕೂತು ಎಲ್ಲ ಸೀಟೂ ಅವಿರೋಧ ಎಂದು ನಿಶ್ಚಯಿಸಿದ್ದರಂತೆ. "ನಾ ಹೇಳಿದ್ದು ಹೊರಗ ಬಿದ್ರ ಈ ಊರಾಗ ನನಗ ಬಾಳೇವು ಇಲ್ರಿ ಅಣ್ಣಾರ," ಎಂದಿದ್ದಳು.

ಅಂಥ ಊರು ಮೇಲೇರಿದ್ದು ಹೇಗೆ? ಮತದಾನವೇ ನಡೆಯದ ಮೇಲೆ ಮತದಾನದ ಪ್ರಮಾಣವಿಲ್ಲ, ಗೆಲುವಿನ ಅಂತರವಿಲ್ಲ. ಸೂಚ್ಯಂಕದ ನಾಲ್ಕು ಕಾಲಂಗಳಲ್ಲಿ ಆ ಎರಡೂ ಖಾಲಿ. ಗಣಕಯಂತ್ರ ಉಳಿದೆರಡರ ಸರಾಸರಿ ತೆಗೆದಿತ್ತು. ಅದರಲ್ಲಿ ಒಂದು ಮಹಿಳಾ ಸದಸ್ಯರ ಪಾಲು. ಅರ್ಧ ಸೀಟು ಮೀಸಲು ಎಂದ ಮೇಲೆ ಅದು ಯಾವ ಊರಿಗೂ ಕಡಿಮೆಯಾಗದು, ಕುರ್ಚಿಯಲ್ಲಿ ಗಂಡನೇ ಕೂತರೂ ಆಗದು. ಇನ್ನೊಂದು ಗ್ರಾಮಸಭೆಯ ಹಾಜರಿ. ಅಲ್ಲಿನ ಸಹಿಗಳನ್ನು ಮನೆಮನೆಗೆ ಹೋಗಿ ಹಾಕಿಸಿಕೊಂಡು ಬಂದಿದ್ದರು.

"ತಜ್ಞರ ಅಂಕ ಅಂತ ಒಂದು ಕಾಲಂ ಸೇರಿಸಿ, ಅದರಾಗ ಕಡಿಮಿ ಹಾಕೂಣ್ರಿ ಸರ್."

"ತಜ್ಞರು ಅಂದ್ರ ನಾವಿಬ್ರ ಅಲ್ಲೇನವ್ವಾ? ಮೊನ್ನಿ ಹಾಕಿ ನೋಡಿದಾಗ ಒಂದ ಊರಿಗೆ ನಾ ಎಂಟು ಕೊಟ್ಟೆ, ನೀ ನಾಕು ಕೊಟ್ಟಿ."

"ನಿಮ್ಮ ಕೈ ಪರೀಕ್ಷಾದಾಗೂ ಉದಾರ ಐತ್ರಿ. ಫೇಲಾಗಬೇಕಾದವ್ರನ್ನ ಕೇಳ್ರಿ!"

ನಕ್ಕೆವು, ಆದರೆ ನಗು ಬಾಳಲಿಲ್ಲ. ಯಾಕೆ ಕಡಿಮೆ ಎಂದು ಊರವರು ಕೇಳಿದರೆ ಯಾರ ಮಾತು ಎನ್ನುವುದು? ಹಿಂತೆಗೆದ ನಾಮಪತ್ರಗಳನ್ನು ಎಣಿಸೋಣವೆಂದರೆ, ಆ ಊರಲ್ಲಿ ಹಾಗೆ ತೆಗೆದವಳು ಆ ಅಕ್ಕನೊಬ್ಬಳೇ. ನೇರ ಬೆರಳು ತೋರಿಸಿದಂತೆ.

ಕಡೆಗೆ, ಚುನಾವಣಾ ಕಚೇರಿಯ ಗೋಡೆಗೆ ಹಚ್ಚಿದ ಆಯ್ಕೆಪಟ್ಟಿಯಲ್ಲಿ ಎಲ್ಲರೂ ಓದಬಹುದಾದದ್ದನ್ನೇ ಹಿಡಿದೆವು: ಸ್ಪರ್ಧೆ ಇಲ್ಲದ ಪ್ರತಿ ಸೀಟಿಗೂ, ಯಾವ ಊರಾದರೂ, ಸ್ಪರ್ಧೆಯ ಅಂಕ ಸೊನ್ನೆ.

"ಇಂಡಿ ಕಡೆ ಖರೇನ ಕೂಡಿ ಒಪ್ಪಿ ಆರಿಸಿದ ಊರೂ ಇರಬಹುದಲ್ರಿ? ಅದಕ್ಕೂ ಸೊನ್ನೀನ?"

"ಹೂನವ್ವಾ. ಅನ್ಯಾಯ ಆಕ್ಕೈತಿ. ಒಪ್ಪಿಗೀನೋ ಅಂಜಿಕೀನೋ ಈ ಅಂಕ ಹೇಳಂಗಿಲ್ಲ ಅಂತ ಕೆಳಗ ದಪ್ಪ ಅಕ್ಷರದಾಗ ಬರಿ."

ಪಟ್ಟಿ ಹೋಯಿತು. ಆಮೇಲೆ ಫೋನು ಗುಣುಗುಟ್ಟಿದರೂ ಬೆಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಆ ಅಕ್ಕನೇ ಫೋನು ಮಾಡಿದಳು, ದನಿ ತಗ್ಗಿಸಿ.

"ನಮ್ಮೂರು ಯಾಕ ತಳಕ್ಕ ಹೋತು ಅಂತ ಕಟ್ಟಿ ಮ್ಯಾಲ ಒದರಾಡಾಕತ್ತಾರ್ರಿ."

"ನಿನಗೇನರ ಅಂದ್ರೇನವ್ವಾ?"

"ಇಲ್ರಿ, ನನ್ನ ಮ್ಯಾಲ ಯಾರಿಗೂ ಅನುಮಾನ ಬಂದಿಲ್ಲ. ಅವಿರೋಧ ಆದ ಊರೆಲ್ಲಾ ಇಳದಾವಂತ. ಇಂಡಿ ಕಡೆ ಊರೂ ಬೈಯಾಕತ್ತಾವಂತ ನಿಮ್ಮನ್ನ."

"ಬೈಲಿ ಬಿಡವ್ವಾ," ಎಂದೆ.