ಬೂದಿ ಬಣ್ಣದ ಸೀರೆಯ ರೀಫಂಡ್

ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು, ಅವಳನ್ನು ಅಳವಂಡಿಯಿಂದ ಕುಕನೂರಿನ ನಮ್ಮ ಮನೆಗೆ ಕರೆತಂದಿದ್ದೆವು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಬೇಕು. ನಾನು ಮೊಬೈಲಿನಲ್ಲಿ ಆರಿಸಿದ್ದು ಎಲೆಹಸಿರು. ಬಂದದ್ದು ಬೂದಿ ಬಣ್ಣದ್ದು. ಸೀರೆಯನ್ನು ಬಿಡಿಸಿದ ಅವ್ವ ಅದನ್ನು ಕೂಡಲೇ ಕೈಬಿಟ್ಟಳು.

"ಇದೇನು ತಂದ್ಯೋ ತಮ್ಮಾ? ಕುಬಸಕ್ಕ ಬೂದಿ ಉಡಸ್ತೀವೇನು?"

"ತಪ್ಪು ಕಳಿಸ್ಯಾರವ್ವ. ವಾಪಸ್ ಹಾಕ್ತೀನಿ. ರೊಕ್ಕ ಬಂದ ಕೂಡ್ಲೆ ಪ್ಯಾಟ್ಯಾಗ ಹಸರು ತರೂಣು."

ಪಾರ್ಸೆಲ್ ಪಡೆದಾಗ ನಗದು ಕೊಟ್ಟಿದ್ದರಿಂದ, ರೀಫಂಡಿಗಾಗಿ ನನ್ನ ಬ್ಯಾಂಕ್ ಖಾತೆಯ ವಿವರ ತುಂಬಿ ರಿಟರ್ನ್ ಕೋರಿದೆ. ಸೀರೆ ಒಯ್ಯಲು ಬಂದ ಡೆಲಿವರಿಯವನು ಬೆಲೆಯ ಚೀಟಿ ಇದೆಯೇ, ಮಡಿಕೆ ಸರಿಯಿದೆಯೇ ಎಂದು ನೋಡಿದ. "ಇನ್ನ ಪ್ಯಾಕ್ ಮಾಡಿ ಕೊಡ್ರಿ," ಎಂದು ಕಟ್ಟೆಯ ಮೇಲೆ ಚಹಾಕ್ಕೆ ಕುಳಿತ. ಅವ್ವ ಸೀರೆಯನ್ನು ಒಳಗೆ ಒಯ್ದು, ಚೀಲದಲ್ಲಿ ಹಾಕಿ, ಬಾಯಿ ಅಂಟಿಸಿ ತಂದುಕೊಟ್ಟಳು. ಅವನು ಲೇಬಲ್ ಹಚ್ಚಿಕೊಂಡು ಹೋದ. ಆ ದಿನದ ತಾರೀಖನ್ನು ನಾನು ಎಂದಿನಂತೆ ಡೈರಿಯಲ್ಲಿ ಬರೆದುಕೊಂಡೆ.

ವಸ್ತು ಮಾರಾಟಗಾರರಿಗೆ ತಲುಪಿದೆ ಎಂಬ ಸಂದೇಶ ಬಂತು. ಹಣ ಬರಲಿಲ್ಲ. ಕುಬಸದ ಶುಕ್ರವಾರ ಹತ್ತಿರವಾಗುತ್ತಿತ್ತು. ಆ್ಯಪಿನ ಸಹಾಯ ವಿಭಾಗದಿಂದ ಕರೆ ಮಾಡಿಸಿಕೊಂಡೆ.

"ಸರ್, ಪರಿಶೀಲನೆ ಮುಗಿದ ನಂತರ ಹಣ ಜಮಾ ಆಗುತ್ತದೆ. ದಯವಿಟ್ಟು ತಾಳ್ಮೆಯಿಂದಿರಿ," ಎಂದಿತು ಹೆಣ್ಣುದನಿ.

"ಸೀರಿ ಮುಟ್ಟಿ ವಾರ ಆತ್ರಿ. ಇನ್ನೇನು ಪರಿಶೀಲನೆ ಮಾಡ್ತೀರಿ? ನೀವ ಉಟಗೊಂಡು ನೋಡಾಕ ಹತ್ತೀರೇನು?"

ಪಕ್ಕದಲ್ಲಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ದನಿ ಮಾತ್ರ ಅದೇ ಮೆದುತನದಲ್ಲಿ, ದೂರು ದಾಖಲಿಸಿದ್ದೇನೆ, ಉತ್ತರ ಮೇಲ್‌ಗೆ ಬರುತ್ತದೆ ಎಂದಿತು.

ಮರುದಿನ ಮಧ್ಯಾಹ್ನ ಮೇಲ್ ಬಂತು. ವಸ್ತು ಪರಿಶೀಲನೆಯಲ್ಲಿ ತೇರ್ಗಡೆಯಾಗಿಲ್ಲ, ಬಳಸಿದ ಗುರುತುಗಳಿವೆ, ರೀಫಂಡ್ ಸಾಧ್ಯವಿಲ್ಲ, ಅದನ್ನು ನಿಮಗೇ ಮರಳಿ ಕಳಿಸಲಾಗುತ್ತಿದೆ. ಸುಳ್ಳುಗಾರರು ಎಂದು ಬೈಯುತ್ತ ಜೊತೆಗಿದ್ದ ಫೋಟೊ ತೆರೆದೆ.

ಎಲ್ಲೋ ಒಂದು ಗೋದಾಮಿನ ಮೇಜಿನ ಮೇಲೆ ನಮ್ಮ ಬೂದಿ ಸೀರೆ ಹರವಿಕೊಂಡಿತ್ತು. ಅದರ ತುಂಬ ಅರಿಷಿಣ, ಕುಂಕುಮ. ಮಡಿಕೆಗಳಲ್ಲಿ ಅಕ್ಕಿ. ಪಕ್ಕದಲ್ಲಿ ಅಡಿಕೆ, ಉತ್ತತ್ತಿ, ಒಂದು ರವಿಕೆಯ ಕಣ ಸಾಲಾಗಿ ಇಟ್ಟಿದ್ದರು, ಕಳ್ಳಮಾಲು ಹಿಡಿದವರಂತೆ.

"ಅವ್ವಾ, ಇದನ್ನ ನೀನ ಇಟ್ಟೇನು?"

ಅವ್ವ ಮುಚ್ಚುಮರೆ ಮಾಡಲಿಲ್ಲ. "ಮತ್ತ? ಬಸರಿಗೆ ಅಂತ ತಂದ ಸೀರಿ ಬರೇದ ಹೊರಗ ಹಾಕಬೇಕೇನು? ಉಡಿ ತುಂಬಿ ಕಳಿಸಿದ್ನಿ. ಯಾವ ತಾಯಿ ತಗೋತಾಳೋ, ಆಕೀಗೂ ಛಲೋ ಆಗಲಿ ಅಂತ."

"ಅದು ಕಂಪನಿ ಅವ್ವ! ತಾಯಿ ಇಲ್ಲ, ತಂದಿ ಇಲ್ಲ ಅಲ್ಲೆ! ಕಲಿ ಬಿದ್ದೈತಿ ಅಂತ ರೊಕ್ಕ ಕೊಡಂಗಿಲ್ಲ ಅಂದಾರ. ಸೀರಿ ವಾಪಸ್ ಬರತೈತಿ."

ರೊಕ್ಕದ ಮಾತು ಅವ್ವನ ಕಿವಿಗೆ ಬೀಳಲೇ ಇಲ್ಲ. ಗೋಡೆ ಹಿಡಿದು ಮೆಲ್ಲಗೆ ಕುಳಿತಳು.

"ಉಡಿ ವಾಪಸ್ ಕಳಿಸ್ಯಾರಾ?"

ಅವಳ ಮುಖದ ಬಣ್ಣ ಹಾರಿದ್ದನ್ನು ಕಂಡಾಗಲೇ ನನಗೆ ಅರ್ಥವಾದದ್ದು. ಮಗಳ ಹೆಸರಿನಲ್ಲಿ ತುಂಬಿದ ಉಡಿಯನ್ನು ಯಾರೋ ಬೇಡವೆಂದು ಹಿಂದಕ್ಕೆ ತಳ್ಳಿದ್ದರು. ಏಳು ತಿಂಗಳ ಬಸುರಿ ಮಗಳು ಎದುರಿಗೇ ಕುಳಿತಿದ್ದಳು.

ಚೀಟಿ ಹಾಗೇ ಇದೆ, ಬಣ್ಣ ತಪ್ಪಿದ್ದು ನಿಮ್ಮ ಫೋಟೊದಲ್ಲೇ ಕಾಣುತ್ತಿದೆ, ಉಟ್ಟಿಲ್ಲ ಎಂದು ನಾನು ಮತ್ತೆ ಬರೆದೆ. ಕಲೆಯಾದ ವಸ್ತುವನ್ನು ಸ್ವೀಕರಿಸಲಾಗದು ಎಂಬ ಒಂದೇ ಸಾಲು ಬಂತು. ಅದರ ಹಿಂದೆಯೇ, ಗುರುವಾರ ಸಂಜೆ, ಅದೇ ಡೆಲಿವರಿಯವನು ಚೀಲ ತಂದ. ಅವ್ವ ಹೊಸಲಿನಿಂದ ಹಿಂದೆ ಸರಿದಳು.

"ಮುಟ್ಟಬ್ಯಾಡ್ರಿ ಅದನ್ನ. ಹೊರಗ ಇರಲಿ."

ಅಕ್ಕ ಎದ್ದು ಬಂದಳು. ಬೇಡ ಬೇಡ ಎನ್ನುವಷ್ಟರಲ್ಲಿ ಚೀಲ ಹರಿದಳು. ಅಕ್ಕಿ ನೆಲಕ್ಕೆ ಸುರಿಯಿತು.

"ಯವ್ವಾ, ಇದನ್ನ ಯಾರ ಹೆಸರಿಲೆ ತುಂಬಿದ್ದಿ?"

"ನಿನ್ನ ಹೆಸರಿಲೆ."

"ಮತ್ತ ನನ್ನ ಉಡಿ ಮಂದಿ ಹೆಂಗ ಇಟಗೋತಾರ? ನಂದು ನನಗ ಬಂದೈತಿ. ಇಲ್ಲೆ ಹಾಕು." ನಿಂತಲ್ಲೇ ಸೆರಗು ಒಡ್ಡಿದಳು.

ಅವ್ವ ಅಳುತ್ತಲೇ ಅಡಿಕೆ, ಉತ್ತತ್ತಿಗಳನ್ನು ಆರಿಸಿ ಸೆರಗಿಗೆ ಹಾಕಿದಳು. ಡೆಲಿವರಿಯವನು ಏನೂ ತಿಳಿಯದೆ ಟೋಪಿ ತೆಗೆದು ನಿಂತಿದ್ದ.

ಶುಕ್ರವಾರ ಅಕ್ಕ ತನ್ನ ಮದುವೆಯ ಹಸಿರು ಸೀರೆಯುಟ್ಟು ಕುಬಸಕ್ಕೆ ಕುಳಿತಳು. ಅವಳ ಅತ್ತೆ ಸೆರಗಿನಂಚು ಮುಟ್ಟಿ, "ತವರುಮನಿಯವರು ಹೊಸಾದು ತರಲಿಲ್ಲೇನವಾ?" ಎಂದು ಕೇಳಿಯೇಬಿಟ್ಟರು. ಅವ್ವ ತಲೆ ತಗ್ಗಿಸಿದಳು. ಅಕ್ಕ ತಗ್ಗಿಸಲಿಲ್ಲ.

"ತಂದಾರ್ರೀ ಅತ್ತಿ. ಬಣ್ಣ ನನಗ ಸರಿ ಬರಲಿಲ್ಲ."